ಕೆಫೆಗೆ ಬಿಲ್ಲಿಂಗ್ ಸಿಸ್ಟಂ ಕೊಳ್ಳುವ ಮುಂಚೆ ಒಂದು ಬಿಲ್ ಕ್ಯಾನ್ಸಲ್ ಮಾಡಿ ನೋಡಿ

ಬಿಲ್ಲಿಂಗ್ ಸಿಸ್ಟಂ ಮಾರುವವರು ಬಂದರೆ ಮೊದಲು ತೋರಿಸುವುದು ಬಣ್ಣಬಣ್ಣದ ಮೆನು. ಬೆರಳಿಟ್ಟರೆ ಕಾಫಿ, ಇನ್ನೊಮ್ಮೆ ಇಟ್ಟರೆ ಬಿಲ್, ಕರ್ರ್ ಅಂತ ಕಾಗದ ಹೊರಗೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಬಿಲ್ ಹಾಕುವ ಕೆಲಸವನ್ನು ಹೆಚ್ಚುಕಮ್ಮಿ ಎಲ್ಲ ಸಿಸ್ಟಂಗಳೂ ಮಾಡುತ್ತವೆ. ವ್ಯತ್ಯಾಸ ಗೊತ್ತಾಗುವುದು ರಾತ್ರಿ ಬಾಗಿಲು ಹಾಕಿದ ಮೇಲೆ, ಗಲ್ಲಾದಲ್ಲಿ ಇರಬೇಕಾದ ದುಡ್ಡು ಇಲ್ಲದಿದ್ದಾಗ, ಯಾಕೆ ಇಲ್ಲ ಅಂತ ಆ ಸಿಸ್ಟಂ ಹೇಳುತ್ತದೋ ಇಲ್ಲವೋ ಅನ್ನುವುದರಲ್ಲಿ. ಅದಕ್ಕೇ ನಾನು ಹೇಳುವುದು, ರಾತ್ರಿಯ ಲೆಕ್ಕದಿಂದ ಹಿಂದಕ್ಕೆ ಯೋಚಿಸಿ ಆರಿಸಿ.

ಮೊದಲು ನಿಮ್ಮದೇ ಆರ್ಡರ್‌ಗಳನ್ನು ಬರೆದಿಟ್ಟುಕೊಳ್ಳಿ

ಕೌಂಟರ್ ತುಂಬ ರಶ್ ಇರುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು, ಬಂದ ಇಪ್ಪತ್ತು ಆರ್ಡರ್‌ಗಳನ್ನು ಗಿರಾಕಿ ಹೇಳಿದ ಹಾಗೇ ಬರೆದುಕೊಳ್ಳಿ. ಸಕ್ಕರೆ ಬೇಡ, ಒಂದು ಇಲ್ಲಿಗೆ ಒಂದು ಪಾರ್ಸೆಲ್, ಡಿಕಾಕ್ಷನ್ ಸ್ವಲ್ಪ ಜಾಸ್ತಿ, ನಾವಿಬ್ಬರೂ ಬೇರೆಬೇರೆ ಕೊಡುತ್ತೇವೆ, ಅಯ್ಯೋ ಆ ಕೇಕ್ ತೆಗೆದುಬಿಡಿ. ಈ ತರಹದ ಆರ್ಡರ್‌ಗಳೇ ಬೇಕು. ಟ್ರಯಲ್‌ಗೆ ಸಿಸ್ಟಂ ಕೊಟ್ಟಾಗ ಈ ಇಪ್ಪತ್ತನ್ನೂ ಹಾಕಿ ನೋಡಿ. ಮಾರುವವರ ಕೈಯಲ್ಲಿ ಬೇಡ, ನಿಮ್ಮ ಕೌಂಟರಿನಲ್ಲಿ ನಿಲ್ಲುವ ಹುಡುಗ ಅಥವಾ ಹುಡುಗಿಯ ಕೈಯಲ್ಲಿ ಹಾಕಿಸಿ.

ಒಂದೊಂದು ಆರ್ಡರಿಗೆ ಎಷ್ಟು ಸಲ ಬೆರಳು ಒತ್ತಬೇಕಾಯಿತು ಅಂತ ಎಣಿಸಿ. ಸಾದಾ ಕಾಫಿಗೆ ಮೂರ್ನಾಲ್ಕು ಒತ್ತಿಗಿಂತ ಜಾಸ್ತಿ ಆದರೆ ಅದು ತೊಂದರೆಯೇ. ಬಿಲ್ ನಿಧಾನ ಆಗುತ್ತದೆ ಅನ್ನುವುದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎದುರಿಗೆ ಎಂಟು ಜನ ನಿಂತಿರುವಾಗ ಕೆಲಸದವರು ಅಡ್ಡದಾರಿ ಹುಡುಕುತ್ತಾರೆ. ಕ್ಯಾಪುಚಿನೊ ಹುಡುಕೋಕೆ ಹೊತ್ತಾಗುತ್ತದೆ ಅಂತ ಅದೇ ಬೆಲೆಯ ಇನ್ನೊಂದನ್ನು ಒತ್ತುತ್ತಾರೆ, ಅಥವಾ ‘ಇತರೆ’ ಅನ್ನುವ ಬಟನ್ ಒತ್ತಿ ಮೊತ್ತ ಬರೆದುಬಿಡುತ್ತಾರೆ. ಅವರ ತಪ್ಪಲ್ಲ. ಆದರೆ ತಿಂಗಳ ಕೊನೆಗೆ ಏನು ಎಷ್ಟು ಖರ್ಚಾಯಿತು ಅಂತ ನೋಡಿದರೆ ‘ಇತರೆ’ಯೇ ಎಲ್ಲಕ್ಕಿಂತ ಮೇಲೆ ಇರುತ್ತದೆ. ಆ ರಿಪೋರ್ಟ್ ಅಲ್ಲಿಗೆ ಸತ್ತಂತೆ.

ಆಮೇಲೆ ಇಂಟರ್ನೆಟ್ ಕಿತ್ತುಹಾಕಿ

ಸುಮ್ನೆ ಕೇಳಬೇಡಿ, ಕಿತ್ತೇ ನೋಡಿ. ನೆಟ್ ಇಲ್ಲದಾಗ ಬಿಲ್ ಬರಬೇಕು, ಅಡುಗೆಮನೆಗೆ ಚೀಟಿ ಹೋಗಬೇಕು. ಹತ್ತು ಬಿಲ್ ಹಾಕಿ, ನೆಟ್ ಮತ್ತೆ ಜೋಡಿಸಿ, ಹತ್ತೂ ರಿಪೋರ್ಟ್‌ನಲ್ಲಿ ಇವೆಯಾ ನೋಡಿ. ಎರಡು ಟ್ಯಾಬ್ಲೆಟ್ ಇಡುವ ಯೋಚನೆ ಇದ್ದರೆ ಎರಡರಲ್ಲೂ ನೆಟ್ ಇಲ್ಲದೆ ಬಿಲ್ ಹಾಕಿ. ಎರಡೂ ಒಂದೇ ಬಿಲ್ ನಂಬರ್ ಕೊಟ್ಟರೆ, ಮುಂದೆ ಲೆಕ್ಕ ನೋಡುವವರಿಗೆ ತಲೆನೋವು ಗ್ಯಾರಂಟಿ.

ಈಗ ಬಿಲ್ ಕ್ಯಾನ್ಸಲ್ ಮಾಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ, ಮತ್ತು ಕೊಳ್ಳುವಾಗ ಯಾರೂ ಮಾಡದ ಪರೀಕ್ಷೆ. ಒಂದು ಆರ್ಡರನ್ನು ನಾಲ್ಕು ಹಂತದಲ್ಲಿ ಅಳಿಸಿ ನೋಡಿ. ಅಡುಗೆಮನೆಗೆ ಹೋಗುವ ಮುಂಚೆ, ಹೋದ ಮೇಲೆ, ಬಿಲ್ ಪ್ರಿಂಟ್ ಆದ ಮೇಲೆ, ದುಡ್ಡು ತಗೊಂಡ ಮೇಲೆ. ಮೊದಲನೆಯದು ಹೇಗಾದರೂ ಇರಲಿ, ಅದು ಮಾಮೂಲಿ. ಉಳಿದ ಮೂರಕ್ಕೆ ಸಿಸ್ಟಂ ಪಿನ್ ಕೇಳಬೇಕು, ಕಾರಣ ಕೇಳಬೇಕು, ಯಾರು ಯಾವ ನಿಮಿಷದಲ್ಲಿ ಅಳಿಸಿದರು ಅಂತ ಬರೆದಿಡಬೇಕು. ಆ ಬಿಲ್ ನಂಬರ್ ಮಾಯವಾಗಬಾರದು, ‘ಕ್ಯಾನ್ಸಲ್’ ಅಂತ ಗುರುತಾಗಿ ಅಲ್ಲೇ ಉಳಿಯಬೇಕು. ಒಂದೇ ಪಿನ್ ಎಲ್ಲರೂ ಬಳಸುವ ಹಾಗಿದ್ದರೆ ಪಿನ್ ಇದ್ದೂ ಉಪಯೋಗವಿಲ್ಲ, ಒಬ್ಬೊಬ್ಬರಿಗೂ ಬೇರೆ ಇರಲೇಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮೊದಲ ಸಿಸ್ಟಂನಲ್ಲಿ ಇದ್ಯಾವುದೂ ಇರಲಿಲ್ಲ. ತಿಂಗಳುಗಟ್ಟಲೆ ಗಲ್ಲಾ ಲೆಕ್ಕ ಪ್ರತಿರಾತ್ರಿ ಕರಾರುವಾಕ್ಕಾಗಿ ತಾಳೆ ಆಗುತ್ತಿತ್ತು. ನಾನು ನಿಶ್ಚಿಂತೆಯಿಂದ ಇದ್ದೆ. ಪಾರ್ಸೆಲ್ ಕಪ್ ಬೇಗ ಖಾಲಿಯಾಗುತ್ತಿವೆ ಅಂತ ಒಂದು ದಿನ ಬೆಳಿಗ್ಗೆ ಎಣಿಸಿಟ್ಟೆ, 200 ಕಪ್. ರಾತ್ರಿ ಉಳಿದದ್ದು 46. ಅಂದರೆ 154 ಕಪ್ ಹೋಗಿವೆ. ಸಿಸ್ಟಂ ಪ್ರಕಾರ ಪಾರ್ಸೆಲ್ ಹೋದದ್ದು 141. ಹಾಳಾದ ಕಪ್‌ಗಳನ್ನು ಬೇರೆ ತೆಗೆದಿಡಲು ಹೇಳಿದ್ದೆ, ಅವು ಮೂರು. ಉಳಿದ ಹತ್ತು ಕಪ್ ಕಾಫಿ ಯಾರೋ ಕುಡಿದಿದ್ದಾರೆ, ದುಡ್ಡೂ ಕೊಟ್ಟಿದ್ದಾರೆ, ಬಿಲ್ ಮಾತ್ರ ಇಲ್ಲ.

ಆದದ್ದು ಇಷ್ಟೇ. ಗಿರಾಕಿ ನಗದು ಕೊಟ್ಟು ಹೋದ ಮೇಲೆ ಬಿಲ್ ಅಳಿಸಿದರೆ, ಗಲ್ಲಾದಲ್ಲಿ ಇರಬೇಕಾದ ಮೊತ್ತವೂ ಅಷ್ಟೇ ಕಮ್ಮಿಯಾಗುತ್ತದೆ. ಆ ದುಡ್ಡನ್ನು ಹೊರಗೆ ತೆಗೆದರೆ ತಾಳೆ ಸರಿಯಾಗಿಯೇ ಬರುತ್ತದೆ. ಗಲ್ಲಾ ತಾಳೆ ಆಯಿತು ಅಂದರೆ ಮಾರಿದ್ದೆಲ್ಲ ಲೆಕ್ಕಕ್ಕೆ ಬಂತು ಅಂತಲ್ಲ, ಸಿಸ್ಟಂನಲ್ಲಿ ಉಳಿದ ಬಿಲ್‌ಗಳ ದುಡ್ಡು ಇದೆ ಅಂತ ಅಷ್ಟೇ.

ಪ್ರತಿರಾತ್ರಿ ನೋಡಬೇಕಾದ್ದು ಮೂರೇ

ರಿಪೋರ್ಟ್‌ಗಳು ಐವತ್ತು ಇವೆ ಅಂತ ಹೇಳುವವರಿದ್ದಾರೆ. ದಣಿದು ನಿಂತಿರುವ ಹೊತ್ತಿನಲ್ಲಿ ಐವತ್ತು ಯಾರು ನೋಡುತ್ತಾರೆ? ಗಲ್ಲಾ ತಾಳೆ, ಪಾವತಿ ವಿಧಾನದ ಲೆಕ್ಕ, ಕ್ಯಾನ್ಸಲ್ ಮತ್ತು ಡಿಸ್ಕೌಂಟ್ ಪಟ್ಟಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು, ಒಂದರ ಪ್ರಶ್ನೆಗೆ ಉತ್ತರ ಇನ್ನೊಂದರಲ್ಲಿ ಇರುತ್ತದೆ. ಒಂದು ದಿನದ ಲೆಕ್ಕ ಮಾಡಿ ತೋರಿಸುತ್ತೇನೆ.

ಬೆಳಿಗ್ಗೆ ಚಿಲ್ಲರೆಗೆ ಅಂತ ಗಲ್ಲಾದಲ್ಲಿ ಇಟ್ಟದ್ದು 2,000. ನಗದು ಮಾರಾಟ 7,350. ಎರಡೂ ಸೇರಿ 9,350. ಒಬ್ಬ ಗಿರಾಕಿಗೆ ವಾಪಸ್ ಕೊಟ್ಟದ್ದು 120, ಮಧ್ಯಾಹ್ನ ಹಾಲು ಮುಗಿದು ಗಲ್ಲಾದಿಂದಲೇ ತೆಗೆದು ತಂದದ್ದು 400, ಸಂಜೆ ತಿಜೋರಿಗೆ ಹಾಕಿದ್ದು 5,000. ಇವನ್ನೆಲ್ಲ ಕಳೆದರೆ ಗಲ್ಲಾದಲ್ಲಿ 3,830 ಇರಬೇಕು. ಎಣಿಸಿದರೆ 3,590. ಖೋತಾ 240.

ಇಲ್ಲಿ ಯಾರನ್ನೂ ಬೈಯಲು ಹೋಗಬೇಡಿ. ಎರಡನೇ ರಿಪೋರ್ಟ್ ತೆಗೆಯಿರಿ. ಕಾರ್ಡ್ ಮತ್ತು ಫೋನಿನಲ್ಲಿ ಬಂದದ್ದು ಇಷ್ಟು ಅಂತ ನಿಮ್ಮ ಸಿಸ್ಟಂ ಹೇಳುತ್ತದೆ. ಅದನ್ನು ಕಾರ್ಡ್ ಮೆಷಿನ್ ಮತ್ತು ಪಾವತಿ ಆ್ಯಪ್ ತೋರಿಸುವ ದಿನದ ಮೊತ್ತದ ಪಕ್ಕ ಇಡಿ. ಸಿಸ್ಟಂನಲ್ಲಿ 11,480, ಹೊರಗೆ ನಿಜವಾಗಿ ಬಂದದ್ದು 11,720. ಇಲ್ಲಿ 240 ಜಾಸ್ತಿ! ಗಿರಾಕಿ ಫೋನಿನಲ್ಲಿ ಕೊಟ್ಟಿದ್ದಾರೆ, ಕೌಂಟರಿನಲ್ಲಿ ನಗದು ಅಂತ ಒತ್ತಿದ್ದಾರೆ. ದುಡ್ಡು ಎಲ್ಲೂ ಹೋಗಿಲ್ಲ. ಆ ದಿನದ 240ರ ಬಿಲ್ ಹುಡುಕಿ ತಿದ್ದಿದರೆ ಮುಗಿಯಿತು. ತಿದ್ದುವುದೂ ಪಿನ್ ಹಾಕಿ, ಗುರುತು ಉಳಿಯುವ ಹಾಗೆ. ಪದೇ ಪದೇ ಹೀಗೇ ಆಗುತ್ತಿದ್ದರೆ ಕಾರ್ಡ್ ಮೆಷಿನ್ನಿಗೆ ಮೊತ್ತ ತಾನಾಗಿ ಹೋಗುವ, ಪಾವತಿ ಆದ ಮೇಲೆ ತಾನೇ ಗುರುತು ಹಾಕಿಕೊಳ್ಳುವ ಸಿಸ್ಟಂ ನೋಡಿ. ಕೈಯಿಂದ ಒತ್ತುವ ಕೆಲಸವೇ ಇರದಿದ್ದರೆ ಈ ತಪ್ಪಿಗೆ ಜಾಗವಿಲ್ಲ.

ಎರಡನೆಯದರಲ್ಲೂ ಉತ್ತರ ಸಿಗದಿದ್ದರೆ ಗಲ್ಲಾದಿಂದ ತೆಗೆದ ಸಣ್ಣ ಖರ್ಚು ಬರೆಯದೆ ಬಿಟ್ಟಿರಬಹುದು, ಚಿಲ್ಲರೆ ಜಾಸ್ತಿ ಕೊಟ್ಟಿರಬಹುದು. ಖರ್ಚು ಬರೆಯಲು ಸಿಸ್ಟಂನಲ್ಲೇ ಒಂದು ಬಟನ್ ಇರಬೇಕು ಅನ್ನುವುದು ಇದಕ್ಕೇ, ಚೀಟಿಯಲ್ಲಿ ಬರೆದದ್ದು ರಾತ್ರಿಯ ತನಕ ಉಳಿಯುವುದಿಲ್ಲ.

ಇನ್ನೊಂದು ವಿಷಯ. ನಗದು ಎಣಿಸಿ ಬರೆಯುವ ತನಕ ಸಿಸ್ಟಂ ‘ಇಷ್ಟಿರಬೇಕು’ ಅಂತ ತೋರಿಸಬಾರದು. ಮೊದಲೇ ತೋರಿಸಿದರೆ ಕಮ್ಮಿ ಬಂದವರು ಹೆದರಿ ಜೇಬಿನಿಂದ ಹಾಕುತ್ತಾರೆ, ಜಾಸ್ತಿ ಬಂದರೆ ಅದು ಸುಮ್ಮನೆ ಹೊರಗೆ ಹೋಗುತ್ತದೆ. ಗಲ್ಲಾದಲ್ಲಿ ದುಡ್ಡು ಜಾಸ್ತಿ ಬರುವುದೂ ಒಳ್ಳೆಯ ಸುದ್ದಿ ಅಲ್ಲ, ಯಾವುದೋ ಬಿಲ್ ಹಾಕಿಲ್ಲ ಅಥವಾ ಯಾರಿಗೋ ಚಿಲ್ಲರೆ ಕಮ್ಮಿ ಕೊಟ್ಟಿದ್ದೇವೆ ಅಂತ ಅರ್ಥ. ಎಣಿಸಿದ ಮೇಲೆ ಮೊತ್ತ ತೋರಿಸುವ ಈ ಸೌಲಭ್ಯ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ.

ಮೂರನೆಯದು ಕ್ಯಾನ್ಸಲ್ ಪಟ್ಟಿ. ಒಟ್ಟು ಎಷ್ಟು ಅನ್ನುವುದಕ್ಕಿಂತ ಹೇಗೆ ಬಂದಿವೆ ಅಂತ ನೋಡಿ. ಹೊಸಬರು ಬಂದ ವಾರ ಕ್ಯಾನ್ಸಲ್ ಜಾಸ್ತಿ ಇರುತ್ತದೆ, ಆದರೆ ಅವು ದಿನವಿಡೀ ಚದುರಿರುತ್ತವೆ, ಹೆಚ್ಚಿನವು ಒಂದೆರಡು ನಿಮಿಷದೊಳಗೆ ಆಗಿ ಸರಿಯಾದ ಬಿಲ್ ಬೆನ್ನಿಗೇ ಬಂದಿರುತ್ತದೆ. ಅದು ಕಲಿಯುವವರ ತಪ್ಪು. ಬಿಲ್ ಪ್ರಿಂಟ್ ಆಗಿ ಇಪ್ಪತ್ತು ನಿಮಿಷದ ಮೇಲೆ, ಎಲ್ಲವೂ ನಗದು, ಒಂದೇ ಪಿನ್, ನೀವು ಇಲ್ಲದ ಹೊತ್ತು, ಬದಲಿ ಬಿಲ್ ಇಲ್ಲ. ಇವೆಲ್ಲ ಒಟ್ಟಿಗೆ ಕಂಡರೆ ಮಾತಾಡಬೇಕು. ಒಂದು ರಾತ್ರಿಯ ಪಟ್ಟಿ ಇಟ್ಟುಕೊಂಡು ಯಾರ ಮೇಲೂ ಆರೋಪ ಮಾಡಬೇಡಿ, ಎರಡು ವಾರದ್ದು ಪಕ್ಕಪಕ್ಕ ಇಟ್ಟು ನೋಡಿ. ಪೂರ್ತಿ ನೂರಕ್ಕೆ ನೂರು ಡಿಸ್ಕೌಂಟ್ ಕೊಟ್ಟ ಬಿಲ್‌ಗಳನ್ನೂ ಇದೇ ಕಣ್ಣಿನಲ್ಲಿ ನೋಡಿ, ಕ್ಯಾನ್ಸಲ್‌ಗೆ ಬೀಗ ಹಾಕಿದರೆ ಅದೇ ಕೆಲಸ ಡಿಸ್ಕೌಂಟ್ ಬಾಗಿಲಿನಿಂದ ನಡೆಯಬಹುದು.

ಬಿಲ್ ಹಾಕದೆಯೇ ಕಾಫಿ ಕೊಟ್ಟು ದುಡ್ಡು ತಗೊಂಡರೆ ಈ ಮೂರೂ ರಿಪೋರ್ಟ್ ಏನೂ ಹೇಳುವುದಿಲ್ಲ, ಇದನ್ನು ಮರೆಯಬೇಡಿ. ಅದಕ್ಕೆ ಕಪ್ ಎಣಿಸುವುದೇ ದಾರಿ. ವಾರಕ್ಕೆರಡು ದಿನ, ಮುಂಚೆ ಹೇಳದೆ ಎಣಿಸಿದರೆ ಸಾಕು. ಅಡುಗೆಮನೆಗೆ ಚೀಟಿ ಬರದೆ ಏನೂ ಮಾಡಿಕೊಡಬಾರದು ಅನ್ನುವ ನಿಯಮ ಇಟ್ಟರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಯಾವ ಗಂಟೆಯಲ್ಲಿ ಎಷ್ಟು ಬಿಲ್, ಯಾವ ತಿಂಡಿ ಎಷ್ಟು ಹೋಯಿತು ಅನ್ನುವ ರಿಪೋರ್ಟ್‌ಗಳನ್ನು ವಾರಕ್ಕೊಮ್ಮೆ ನೋಡಿ. ಒಂದು ದಿನ ಮಳೆ ಬಂದರೆ ಆ ಲೆಕ್ಕ ಬದಲಾಗುತ್ತದೆ, ದಿನದಿನ ನೋಡಿ ತಲೆ ಕೆಡಿಸಿಕೊಳ್ಳೋದು ಬೇಡ.

ಸಹಿ ಹಾಕುವ ಮುಂಚೆ

ಮಧ್ಯರಾತ್ರಿ ದಾಟಿ ತೆರೆದಿರುವ ಕೆಫೆ ಆದರೆ ದಿನ ಮುಗಿಯುವ ಹೊತ್ತನ್ನು ನೀವೇ ಬದಲಿಸಲು ಆಗಬೇಕು, ಇಲ್ಲದಿದ್ದರೆ ಒಂದೇ ರಾತ್ರಿಯ ವ್ಯಾಪಾರ ಎರಡು ದಿನಕ್ಕೆ ಹಂಚಿಹೋಗಿ ಯಾವ ತಾಳೆಯೂ ಕೂಡುವುದಿಲ್ಲ. ಎಲ್ಲ ಬಿಲ್‌ಗಳನ್ನೂ, ಕ್ಯಾನ್ಸಲ್ ಆದವನ್ನೂ ಸೇರಿಸಿ, CSV ಅಥವಾ ಎಕ್ಸೆಲ್ ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದಾ ಅಂತ ಟ್ರಯಲ್‌ನಲ್ಲೇ ಇಳಿಸಿ, ತೆರೆದು ನೋಡಿ. ನಾಳೆ ಸಿಸ್ಟಂ ಬದಲಿಸಬೇಕಾದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಫೈಲ್ ಮಾತ್ರ. ಸಪೋರ್ಟ್ ನಂಬರಿಗೆ ನಿಮ್ಮ ರಶ್ ಹೊತ್ತಿನಲ್ಲೇ ಎರಡು ಸಲ ಫೋನ್ ಮಾಡಿ, ಎಷ್ಟು ನಿಮಿಷಕ್ಕೆ ಎತ್ತಿದರು ಅಂತ ಬರೆದಿಡಿ. ಟ್ರಯಲ್‌ನ ಕೊನೆಯ ದಿನ ಮೂರೂ ರಿಪೋರ್ಟ್ ತೆಗೆದು, ನೀವೇ ಬೇಕಂತ ಮಾಡಿದ ಕ್ಯಾನ್ಸಲ್‌ಗಳು ಒಂದೂ ಬಿಡದೆ ಅದರಲ್ಲಿವೆಯಾ ಎಣಿಸಿ. ಒಂದು ಕಮ್ಮಿಯಾದರೂ ಆ ಸಿಸ್ಟಂ ಬೇಡ.