ದೊಡ್ಡಪ್ಪನ ಸಾಲದ ಪುಸ್ತಕದಲ್ಲಿ ಎಂಬತ್ತು ರೂಪಾಯಿ

ಶ್ರೀರಾಮಪುರದಲ್ಲಿ ನಮ್ಮ ದೊಡ್ಡಪ್ಪನದು ದಿನಸಿ ಅಂಗಡಿ. ಪಕ್ಕದ ರಸ್ತೆಯ ಮೆಸ್ಸಿನವರು ಅಲ್ಲೇ ಸಾಲಕ್ಕೆ ಸಾಮಾನು ತಗೊಳ್ತಾರೆ, ಆಗಾಗ ಒಂದಿಷ್ಟು ಜಮಾ ಮಾಡ್ತಾರೆ. ಹೋದ ತಿಂಗಳು ಅವರು ಬಂದು, "ಯಾಕೋ ಬಾಕಿ ಜಾಸ್ತಿ ಬಂದಂಗಿದೆ, ಒಂದ್ಸಲ ನೋಡಿ" ಅಂದರು. ದೊಡ್ಡಪ್ಪ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಪುಟಗಳನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದೆ. ಫೈಲಿಗೆ ಪುಟದ ನಂಬರನ್ನೇ ಹೆಸರಿಟ್ಟೆ. ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಟೈಪಿಂಗ್. A ಕಾಲಂ ತಾರೀಖು, B ವಿವರ, C ಸಾಲ, D ಜಮಾ, E ಪುಸ್ತಕದಲ್ಲಿ ಬರೆದಿರುವ ಬಾಕಿ. ಬಾಕಿಯನ್ನು ಶೀಟೇ ಲೆಕ್ಕ ಹಾಕುತ್ತದಲ್ಲ, ಟೈಪ್ ಯಾಕೆ ಮಾಡಬೇಕು ಅನ್ನಿಸಬಹುದು. ಆದರೆ ತಪ್ಪು ಹಿಡಿದುಕೊಡುವುದು ಆ ಕಾಲಮ್ಮೇ. ತಪ್ಪು ಅಂತ ಕಣ್ಣಿಗೆ ಕಂಡರೂ ಅಲ್ಲಿ ತಿದ್ದಬಾರದು, ಪುಸ್ತಕದಲ್ಲಿ ಇದ್ದ ಹಾಗೇ ಹಾಕಬೇಕು. "1,350/-" ಅಂತ ಪೂರ್ತಿ ಹೊಡೆದರೆ ಶೀಟ್ ಅದನ್ನು ಅಕ್ಷರ ಅಂತ ತಿಳಿಯುತ್ತದೆ. ಅಂಥದ್ದು ಸೆಲ್ಲಿನಲ್ಲಿ ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಹಾಗೇ ಗುರುತು ಸಿಗುತ್ತದೆ.

ಮೊದಲು ನಾನು ಮೇಲಿಂದ ಕೆಳಗೆ ಕೂಡುತ್ತಾ ಹೋಗಿ ಬಾಕಿಗೆ ಹೋಲಿಸಿದೆ. ಒಂದು ಕಡೆ ತಪ್ಪಿದರೆ ಅಲ್ಲಿಂದ ಕೆಳಗೆ ಎಲ್ಲ ಸಾಲೂ ತಪ್ಪು ಅಂತ ತೋರಿಸಿತು. ಹೊಸ ತಪ್ಪು ಯಾವುದು, ಹಳೆಯದರ ಬಾಲ ಯಾವುದು ಗೊತ್ತಾಗಲಿಲ್ಲ. ಅದಕ್ಕೇ ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿನ ಬಾಕಿಯಿಂದಷ್ಟೇ ಪರೀಕ್ಷಿಸಿದೆ. ಮೊದಲ ಸಾಲು ತಲೆಬರಹ, ಎರಡನೆಯದು ಆರಂಭದ ಬಾಕಿ. F3ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದೆ:

```
=ROUND(E2+C3-D3-E3,2)
```

ಸರಿಯಿದ್ದರೆ ಸೊನ್ನೆ. ಸೊನ್ನೆ ಬರದ ಕಡೆ ಮಾತ್ರ ಫೋಟೋ ತೆರೆದು ನೋಡಿದರೆ ಸಾಕು.

41ನೇ ಪುಟದಲ್ಲಿ ಒಂದು ಸಾಲಿಗೆ −3000, ಅದರ ಕೆಳಗಿನದಕ್ಕೇ 3000 ಬಂತು. ಹೀಗೆ ಜೋಡಿಯಾಗಿ, ಒಂದು ಮೈನಸ್ಸು ಒಂದು ಪ್ಲಸ್ಸು ಬಂದರೆ ಮೇಲಿನ ಸಾಲಿನ ಬಾಕಿಯನ್ನೇ ತಪ್ಪಾಗಿ ಓದಿದ್ದೇವೆ ಅಂತ ಅರ್ಥ. ಯಾಕೆಂದರೆ ಆ ಅಂಕಿ ಎರಡು ಸಾಲಿನ ಲೆಕ್ಕದಲ್ಲೂ ಬರುತ್ತದೆ. ದೊಡ್ಡಪ್ಪ ಬರೆಯುವುದು ಕನ್ನಡ ಅಂಕಿ. ೧೬,೪೪೦ ಅನ್ನು ನಾನು 19,440 ಅಂತ ಓದಿದ್ದೆ. ಅವಸರದ ಕೈಬರಹದಲ್ಲಿ ೬, ೯ ಎರಡೂ ಒಂದೇ ಥರ ಕಾಣುತ್ತವೆ. ತಿದ್ದಿದ ಕೂಡಲೇ ಎರಡೂ ಸಾಲು ಸೊನ್ನೆಯಾದವು.

ಇನ್ನೊಂದು ಸಾಲಿಗೆ −270, ಅದೊಂದಕ್ಕೇ. ಇದು 9ರಿಂದ ಭಾಗವಾಗುತ್ತದೆ, ಅಲ್ವಾ? ಹಾಗಿದ್ದರೆ ಪಕ್ಕಪಕ್ಕದ ಅಂಕಿ ಅದಲುಬದಲಾಗಿರಬಹುದು ಅಂತ ಮೊದಲು ಅನುಮಾನಿಸಬೇಕು. ನೋಡಿದರೆ 960ಕ್ಕೆ ನಾನು 690 ಹೊಡೆದಿದ್ದೆ. ಜಮಾ ಹಣವನ್ನು ಸಾಲದ ಕಾಲಮ್ಮಿಗೆ ಹಾಕಿದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು ಬರುತ್ತದೆ. ಅದೂ ಒಂದು ಕಡೆ ಆಗಿತ್ತು.

ನನ್ನ ತಪ್ಪುಗಳೆಲ್ಲ ಮುಗಿದ ಮೇಲೆ ಎರಡು ಸಾಲು ಉಳಿದವು. ಎರಡನ್ನೂ ಫೋಟೋ ಬಿಟ್ಟು ಪುಸ್ತಕದಲ್ಲೇ ಮೂರು ಸಲ ಓದಿದೆ. ಒಂದರಲ್ಲಿ 14,780ಕ್ಕೆ 1,890 ಸೇರಿಸಿ 16,570 ಅಂತ ಬರೆದಿದ್ದರು. ಆಗಬೇಕಾದ್ದು 16,670. 8ಕ್ಕೆ 9 ಕೂಡಿದಾಗ ಬಂದ ದಶಕ ಬಿಟ್ಟುಹೋಗಿದೆ. ಅಲ್ಲಿ ಅಂಗಡಿಗೆ 100 ರೂಪಾಯಿ ನಷ್ಟ. ಇನ್ನೊಂದು ಇದ್ದದ್ದು ಪುಟ ತಿರುಗುವ ಕಡೆ. 41ರ ಕೊನೆಯ 16,570, 42ರ ತಲೆಯಲ್ಲಿ 16,750 ಆಗಿ ಕೂತಿತ್ತು, −180. ಹಿಂದಿನ ಪುಟದ ಬಾಕಿಯನ್ನೂ ಒಂದು ಸಾಲಾಗಿಯೇ ಟೈಪ್ ಮಾಡಿದ್ದರಿಂದ ಇದು ಸಿಕ್ಕಿತು. ಒಂದೊಂದು ಪುಟವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ್ದರೆ ಈ ತಪ್ಪು ಕಾಣುತ್ತಲೇ ಇರಲಿಲ್ಲ.

F ಕಾಲಮ್ಮಿನ ಮೊತ್ತ −80. ಅಂದರೆ ಪುಸ್ತಕದ ಬಾಕಿ ನಿಜವಾದ್ದಕ್ಕಿಂತ 80 ಜಾಸ್ತಿ. ಪುಸ್ತಕಕ್ಕೇ ಏರಿಸದ ಸಾಮಾನು, ಬೇರೆಯವರ ಲೆಕ್ಕಕ್ಕೆ ಹೋದ ಜಮಾ, ಇವು ಈ ದಾರಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಮೆಸ್ಸಿನವರ ಚೀಟಿಗಳನ್ನೇ ತರಿಸಿ ಒಂದೊಂದಾಗಿ ಹೋಲಿಸಬೇಕಾಯಿತು. ಅವು ಸರಿಯಿದ್ದವು.

ಎರಡೂ ಸಾಲನ್ನು ಮೆಸ್ಸಿನವರಿಗೆ ಪುಸ್ತಕದಲ್ಲೇ ತೋರಿಸಿದೆ. "ನೂರು ನಿಮಗೂ ಬರಬೇಕಿತ್ತಲ್ಲ ಯಜಮಾನ್ರೇ" ಅಂದರು. ದೊಡ್ಡಪ್ಪ ಹಳೆಯ ಅಂಕಿ ಒಂದನ್ನೂ ಹೊಡೆದುಹಾಕಲಿಲ್ಲ. ಅವತ್ತಿನ ತಾರೀಖು ಹಾಕಿ, "ಕೂಡಿದ್ದು ತಪ್ಪಿದ್ದಕ್ಕೆ" ಅಂತ ಬರೆದು, ಜಮಾ ಕಡೆ ೮೦ ಹಾಕಿದರು.