ಆಫೀಸಿನಲ್ಲಿದ್ದಾಗ ರಿಕ್ರೂಟರ್ ಫೋನ್ ಬಂದರೆ

ಅರ್ಜಿ ಹಾಕಿ ಎಷ್ಟೋ ದಿನವಾದ ಮೇಲೆ, ಕೆಲಸದ ನಡುವೆಯೋ ಬಸ್ಸಿನಲ್ಲಿರುವಾಗಲೋ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. ‘ಈಗ ಐದು ನಿಮಿಷ ಮಾತಾಡಬಹುದಾ?’ ಅವಕಾಶ ತಪ್ಪೀತು ಎಂಬ ಭಯಕ್ಕೆ ಹೂಂ ಎನ್ನಬೇಡಿ. ಆ ಐದು ನಿಮಿಷವೇ ಮೊದಲ ಸುತ್ತಿನ ಸಂದರ್ಶನ. ನೀವು ಹೇಳಿದ್ದನ್ನೆಲ್ಲ ಅವರು ಬರೆದುಕೊಳ್ಳುತ್ತಿರುತ್ತಾರೆ. ಪಕ್ಕದಲ್ಲಿ ಸಹೋದ್ಯೋಗಿ ಕೂತಿದ್ದಾರೆಂದು ತಗ್ಗಿದ ದನಿಯಲ್ಲಿ ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿದರೆ, ಅವರಿಗೆ ಕಾಣುವುದು ನಿಮ್ಮ ಇಕ್ಕಟ್ಟಲ್ಲ, ನಿರಾಸಕ್ತಿ.

ಮೊದಲು, ಸಮಯ ಕೇಳಿ. ಬರೀ ‘ಆಮೇಲೆ ಮಾಡ್ತೀನಿ’ ಎಂದರೆ ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಎರಡು ಹೊತ್ತನ್ನು ನೀವೇ ಸೂಚಿಸಿ. ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕಿದವರೊಬ್ಬರು ಬಸ್ಸಿನಲ್ಲಿದ್ದಾರೆ ಎಂದುಕೊಳ್ಳಿ. ಅವರು ಹೀಗೆ ಹೇಳಬಹುದು: ‘ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಈ ಕೆಲಸದ ಬಗ್ಗೆ ಮಾತಾಡಲೇಬೇಕು ಅಂತಿದ್ದೆ. ಈಗ ಪ್ರಯಾಣದಲ್ಲಿದ್ದೀನಿ, ಸರಿಯಾಗಿ ಕೇಳಿಸ್ತಿಲ್ಲ. ಇವತ್ತು ಸಂಜೆ 6.30ಕ್ಕೆ ಅಥವಾ ನಾಳೆ ಬೆಳಿಗ್ಗೆ 9ಕ್ಕೆ ಆಗಬಹುದಾ?’ ಆಫೀಸಿನಲ್ಲಿದ್ದರೆ ಇನ್ನೂ ಚಿಕ್ಕದಾಗಿ, ‘ಈಗ ಕೆಲಸದಲ್ಲಿದ್ದೀನಿ’ ಎಂದರೆ ಸಾಕು. ಅವರಿಗೆ ಇದು ದಿನವೂ ಕೇಳುವ ಮಾತು. ಗಾಡಿ ಓಡಿಸುತ್ತಿದ್ದರೆ ಫೋನ್ ಎತ್ತಲೇಬೇಡಿ; ನಿಲ್ಲಿಸಿದ ಮೇಲೆ ನೀವೇ ಮಾಡಿ.

ಇಡುವ ಮುನ್ನ ಮೂರು ವಿಷಯ ತಿಳಿದುಕೊಳ್ಳಿ: ಅವರ ಹೆಸರು, ಯಾವ ಕಂಪನಿಯ ಯಾವ ಹುದ್ದೆ, ಅವರು ಕಂಪನಿಯವರೇ ಅಥವಾ ಏಜೆನ್ಸಿಯವರೇ. ಕೊನೆಯದನ್ನು ಬಹಳ ಮಂದಿ ಕೇಳುವುದಿಲ್ಲ. ಒಂದೇ ಹುದ್ದೆಗೆ ಎರಡು ಏಜೆನ್ಸಿಗಳು ನಿಮ್ಮ ರೆಸ್ಯೂಮೆ ಕಳಿಸಿದರೆ, ಯಾರ ಮೂಲಕ ಬಂದವರು ಎಂಬ ತಕರಾರಿನಲ್ಲಿ ಕಂಪನಿ ನಿಮ್ಮನ್ನೇ ಕೈಬಿಡಬಹುದು. ನೋಂದಣಿಗೆಂದು ಹಣವನ್ನೋ ಒಟಿಪಿಯನ್ನೋ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಫೋನಿಟ್ಟ ಕೂಡಲೇ ಒಪ್ಪಿದ ಸಮಯವನ್ನು ಮೆಸೇಜಿನಲ್ಲಿ ಬರೆದು ಕಳಿಸಿ, ಹುದ್ದೆಯ ವಿವರವನ್ನೂ ಕೇಳಿ. ಆಫೀಸಿನ ಇ-ಮೇಲ್ ಬಳಸಬೇಡಿ.

ಕೆಲವರು ‘ಎರಡೇ ಪ್ರಶ್ನೆ’ ಎಂದು ಪಟ್ಟು ಹಿಡಿಯುತ್ತಾರೆ. ನೋಟಿಸ್ ಅವಧಿ, ಈಗಿರುವ ಊರು, ಎಷ್ಟು ವರ್ಷದ ಅನುಭವ ಇವನ್ನು ಹೇಳಬಹುದು. ಯಾವಾಗ ಕೇಳಿದರೂ ಉತ್ತರ ಬದಲಾಗುವುದಿಲ್ಲ. ಸಂಬಳದ ನಿರೀಕ್ಷೆಯನ್ನು ಮಾತ್ರ ಅವಸರದಲ್ಲಿ ಹೇಳಬೇಡಿ. ಗಡಿಬಿಡಿಯಲ್ಲಿ ಬಾಯಿಗೆ ಬಂದ ಅಂಕಿಯೇ ಮುಂದಿನ ಚೌಕಾಸಿಗೆ ಬುನಾದಿಯಾಗಿಬಿಡುತ್ತದೆ. ‘ಕೆಲಸದ ವಿವರ ನೋಡಿ ಸಂಜೆ ಹೇಳ್ತೀನಿ. ಈ ಹುದ್ದೆಗೆ ನೀವು ಎಷ್ಟು ಇಟ್ಟಿದ್ದೀರಿ?’ ಎಂದು ಕೇಳಿ. ಅವರು ಹೇಳಿಬಿಟ್ಟರೆ ನಿಮ್ಮ ಲೆಕ್ಕ ಸುಲಭ.

ಸಂಜೆಯ ಮಾತಿಗೆ ಕೂರುವಾಗ ಅವರಿಗೆ ಕಳಿಸಿದ ರೆಸ್ಯೂಮೆಯನ್ನೇ ಎದುರಿಗಿಟ್ಟುಕೊಳ್ಳಿ. ಕೆಲಸ ಯಾಕೆ ಬಿಡುತ್ತಿದ್ದೀರಿ ಎಂಬುದಕ್ಕೆ ಎರಡು ವಾಕ್ಯ, ಸಂಬಳದ ಕನಿಷ್ಠ ಅಂಕಿ, ಇವೆರಡನ್ನೂ ಚೀಟಿಯಲ್ಲಿ ಬರೆದಿಡಿ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಕಳೆದರೂ ಫೋನ್ ಬರದಿದ್ದರೆ ನೀವೇ ಒಮ್ಮೆ ಮಾಡಿ.