ಇಂಚು-ಸೆಂಟಿನ ಮಳೆ ಪುಸ್ತಕವನ್ನು ಮಿಲಿಮೀಟರಿಗೆ ಇಳಿಸಿದ್ದು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಡುವ ರೂಢಿ ಇದೆ. ದಿನಕ್ಕೊಂದು ಸಾಲು, ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ. ಮಲೆನಾಡಿನ ತೋಟಗಳಲ್ಲಿ ಇಂದಿಗೂ "ನಿನ್ನೆ ನಿಮ್ಮಲ್ಲಿ ಎಷ್ಟು ಸೆಂಟು?" ಎಂದೇ ಕೇಳುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಗೆದ್ದಲು ಹಿಡಿಯುವ ಮೊದಲು ಈ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮಿಲಿಮೀಟರಿಗೆ ಬದಲಿಸಬೇಕೆಂದು ಎರಡು ಮಳೆಗಾಲ ಕೂತು ಕೆಲಸ ಮಾಡಿದೆ. ಲೆಕ್ಕ ಸುಲಭದ್ದೇ. ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ. 1959ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ನಿಗದಿಯಾದ ಸಂಖ್ಯೆ ಅದು, ಅದರಲ್ಲಿ ಅಂದಾಜಿನ ಮಾತಿಲ್ಲ. ಅಂದಾಜು ಇದ್ದದ್ದೆಲ್ಲ ಪುಸ್ತಕದಲ್ಲಿ.

ಮೊದಲ ಸಲ ಎಲ್ಲ ಸಾಲುಗಳನ್ನೂ 25.4ರಿಂದ ಗುಣಿಸಿ, ಬಂದದ್ದನ್ನು ಬಂದ ಹಾಗೇ ಇಟ್ಟೆ. ಒಂದು ಆಗಸ್ಟಿನಲ್ಲಿ 8 ಇಂಚು ಎಂದಿತ್ತು, 203.2 ಆಯಿತು. ಆ ದಾಖಲೆ ಕೇಳಿ ಪಡೆದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಅಷ್ಟು ಜೋರು ಮಳೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಹೇಗೆ ಅಳೆದ್ರಿ ಸರ್?" ಎಂದಳು. ಅಳೆದಿರಲಿಲ್ಲ. ಆ .2 ಗುಣಾಕಾರದಿಂದ ಬಂದದ್ದು, ಆಕಾಶದಿಂದ ಬಿದ್ದದ್ದಲ್ಲ.

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ಶಾಲೆಯಲ್ಲಿ ಕಲಿತ ಸಾರ್ಥಕ ಅಂಕಿಗಳ ನಿಯಮವನ್ನು ಹಚ್ಚಿ ನೋಡಿದೆ. ಮೂಲದಲ್ಲಿ ಎಷ್ಟು ಸಾರ್ಥಕ ಅಂಕಿಗಳಿವೆಯೋ ಉತ್ತರದಲ್ಲೂ ಅಷ್ಟೇ ಇರಬೇಕು ಎನ್ನುವುದು ಆ ನಿಯಮ. 9 ಇಂಚಿನಲ್ಲಿ ಇರುವುದು ಒಂದೇ ಅಂಕಿ. 228.6 ಅನ್ನು ಒಂದೇ ಅಂಕಿಗೆ ಇಳಿಸಿದರೆ 200. ಅಂದರೆ ಒಂದು ಇಂಚಿಗಿಂತ ಹೆಚ್ಚು ಮಳೆಯೇ ಮಾಯ. ಇನ್ನೊಂದು ಕಡೆ, ಅದೇ 9 ಇಂಚು ಪುಸ್ತಕದಲ್ಲಿ ಇರುವುದು "9 | 00" ಎಂದು. ಸೆಂಟಿನ ಕಾಲಂ ಖಾಲಿ ಬಿಡಬಾರದೆಂದು ಸೊನ್ನೆ ಹಾಕಿದ್ದಾರೆ. ಅದನ್ನು 9.00 ಎಂದು ಓದಿ ಮೂರು ಸಾರ್ಥಕ ಅಂಕಿ ಎಂದುಕೊಂಡರೆ 229 ಆಗುತ್ತದೆ. ಒಂದೇ ಅಳತೆ, ಒಂದೇ ನಿಯಮ, ಉತ್ತರ ಒಮ್ಮೆ 200, ಒಮ್ಮೆ 229. ಅಂಕಿ ಎಣಿಸುವುದರಿಂದ ಇದು ಬಗೆಹರಿಯುವುದಿಲ್ಲ, ಅಳೆದವರು ಎಷ್ಟು ಸೂಕ್ಷ್ಮವಾಗಿ ಅಳೆದರು ಎಂಬುದೇ ಗೊತ್ತಾಗಬೇಕು ಎನ್ನುವುದು ನನಗೆ ಅಲ್ಲಿ ಹೊಳೆಯಿತು.

ಅದನ್ನು ಪುಸ್ತಕದಿಂದಲೇ ತಿಳಿಯಬಹುದು. ಒಂದು ಹಾಳೆಯಲ್ಲಿ ತಿಂಗಳವಾರು ಸೆಂಟಿನ ಕಾಲಮನ್ನು ಮಾತ್ರ ಎಣಿಸುತ್ತ ಹೋದೆ. ಮಾರ್ಚ್, ಏಪ್ರಿಲ್, ಮೇನಲ್ಲಿ 07, 13, 38, 62, 91 ಹೀಗೆ ಎಲ್ಲ ಬಗೆಯ ಸಂಖ್ಯೆಗಳೂ ಹರಡಿಕೊಂಡಿದ್ದವು. ಅದು ಹೂಮಳೆಯ ಕಾಲ. ಕಾಫಿ ಹೂವು ಸರಿಯಾಗಿ ಅರಳಲು ಒಂದು ಇಂಚಿನಷ್ಟಾದರೂ ಮಳೆ ಬೇಕು. ಬಿದ್ದದ್ದು 60 ಸೆಂಟೋ 90 ಸೆಂಟೋ ಎನ್ನುವುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂಬುದು ನಿಂತಿರುವುದರಿಂದ ಆಗ ಒಂದೊಂದು ಸೆಂಟನ್ನೂ ನೋಡಿ ಬರೆದಿದ್ದಾರೆ. ಜುಲೈ, ಆಗಸ್ಟಿಗೆ ಬಂದರೆ ಜೋರು ಮಳೆಯ ದಿನಗಳಲ್ಲೆಲ್ಲ 00 ಮತ್ತು 50, ಬೇರೆ ಸಂಖ್ಯೆಯೇ ಇಲ್ಲ. ಮಳೆ ಅರ್ಧರ್ಧ ಇಂಚಿನ ಲೆಕ್ಕದಲ್ಲಿ ಬೀಳುವುದಿಲ್ಲ. ಬರೆದವರೇ ಅರ್ಧ ಇಂಚಿಗೆ ಸರಿಮಾಡಿದ್ದಾರೆ.

ಹೇಗೆ ಸರಿಮಾಡಿದರು ಎನ್ನುವುದೂ ಮುಖ್ಯ. ಆ ವರ್ಷಗಳಲ್ಲಿ ಮಳೆ ಅಳೆದು ಬರೆದ ತೋಟದ ರೈಟರು ಈಗ ವಯಸ್ಸಾಗಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿಗೇ ಹೋಗಿ ಕೇಳಿದೆ.

"ರೈಟ್ರೇ, ಆಟಿ ತಿಂಗಳಲ್ಲಿ ಬರೀ ಅರ್ಧ, ಒಂದು, ಒಂದೂವರೆ ಅಂತ್ಲೇ ಬರ್ದಿದೀರಲ್ಲ, ಯಾಕೆ?"

"ನಮ್ಮ ಗ್ಲಾಸು ಹಿಡಿಸ್ತಿದ್ದದ್ದೇ ಅರ್ಧ ಇಂಚು ಅಲ್ವಾ. ಡಬ್ಬದಲ್ಲಿ ನಾಲ್ಕು ಇಂಚು ನೀರಿದ್ರೆ ಎಂಟು ಗ್ಲಾಸು ಅಳೀಬೇಕು, ಕಂಬಳಿ ಹೊದ್ಕೊಂಡು, ಮಳೇಲೇ. ತುಂಬಿದ ಗ್ಲಾಸು ಎಣಿಸ್ತಿದ್ದೆ."

"ಕೊನೇ ಗ್ಲಾಸು ತುಂಬ್ದೆ ಇದ್ರೆ?"

"ಅರ್ಧಕ್ಕಿಂತ ಮೇಲಿದ್ರೆ ಒಂದು ಗ್ಲಾಸು ಅಂತ ಲೆಕ್ಕ. ಕೆಳಗಿದ್ರೆ ಚೆಲ್ಲಿಬಿಡೋದು."

ಈ ಕೊನೆಯ ಮಾತಿಗಾಗಿಯೇ ನಾನು ಅಷ್ಟು ದೂರ ಹೋದದ್ದು ಸಾರ್ಥಕವಾಯಿತು. ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ ಎಂದರೆ ನಿಜವಾದ ಮಳೆ ಬರೆದದ್ದಕ್ಕಿಂತ ಕಾಲು ಇಂಚು ಹೆಚ್ಚೂ ಇರಬಹುದು, ಕಾಲು ಇಂಚು ಕಡಿಮೆಯೂ ಇರಬಹುದು. ತುಂಬದ ಗ್ಲಾಸನ್ನು ಅವರು ಯಾವಾಗಲೂ ಚೆಲ್ಲುತ್ತಿದ್ದರೆ ಪ್ರತಿ ದಿನವೂ ಸರಾಸರಿ ಕಾಲು ಇಂಚು ಕಡಿಮೆಯೇ ದಾಖಲಾಗುತ್ತಿತ್ತು. ಜೋರು ಮಳೆಯ ಇಪ್ಪತ್ತು ದಿನಕ್ಕೆ ಐದು ಇಂಚು, ಅಂದರೆ 127 ಮಿ.ಮೀ. ಕೊರತೆ. ಎಷ್ಟು ರೌಂಡ್ ಆಫ್ ಮಾಡಿದರೂ ಆ ತಪ್ಪು ಸರಿಹೋಗುವಂಥದ್ದಲ್ಲ.

ಈಗ ಲೆಕ್ಕ ಎರಡು ದಾರಿಯಾಗಿ ಒಡೆಯಿತು. ಸೆಂಟು ನೋಡಿ ಬರೆದ ದಿನಗಳಲ್ಲಿ ಮೂಲದ ಹೆಜ್ಜೆ 0.254 ಮಿ.ಮೀ. ಅಲ್ಲಿ ಒಂದು ದಶಮಾಂಶ ಇಟ್ಟುಕೊಳ್ಳುವುದು ಸರಿ: 1 ಇಂಚು 27 ಸೆಂಟು ಎಂದರೆ 32.258, ಬರೆಯುವುದು 32.3. ಗ್ಲಾಸು ಎಣಿಸಿದ ದಿನಗಳಲ್ಲಿ ಮೂಲದ ಹೆಜ್ಜೆಯೇ 12.7 ಮಿ.ಮೀ., ಅನುಮಾನ ಎರಡೂ ಕಡೆ 6 ಮಿ.ಮೀ.ಗಿಂತ ತುಸು ಹೆಚ್ಚು. ಅಲ್ಲಿ 5 ಮಿ.ಮೀ.ಗೆ ರೌಂಡ್ ಮಾಡಿದೆ. 4 ಇಂಚು 100 ಆಯಿತು, ನಾಲ್ಕೂವರೆ 115 ಆಯಿತು. ಶೀಟಿನಲ್ಲಿ, B ಕಾಲಮಿನಲ್ಲಿ ಇಂಚು ಇದ್ದರೆ, ಸೂತ್ರ ಇಷ್ಟೇ:

```
=ROUND(B2*25.4, 1)
=MROUND(B2*25.4, 5)
```

ಮೊದಲನೆಯದು ಸೆಂಟಿನ ದಿನಗಳಿಗೆ, ಎರಡನೆಯದು ಗ್ಲಾಸಿನ ದಿನಗಳಿಗೆ. ಯಾವ ಸಾಲು ಯಾವ ಬಗೆಯದು ಎಂದು ಪಕ್ಕದಲ್ಲೊಂದು ಕಾಲಮಿನಲ್ಲಿ ಬರೆದಿಟ್ಟೆ. B ಕಾಲಮನ್ನು ಮಾತ್ರ ಇಂದಿಗೂ ಮುಟ್ಟಿಲ್ಲ, ಪುಸ್ತಕದಲ್ಲಿ ಇದ್ದದ್ದು ಅಲ್ಲಿ ಹಾಗೇ ಇದೆ.

5 ಯಾಕೆ, 20 ಯಾಕಲ್ಲ? ಇದಕ್ಕೆ ನಾನು ಬಳಸಿದ್ದು ತಿರುಗಿಸಿ ನೋಡುವ ಪರೀಕ್ಷೆ. ರೌಂಡ್ ಮಾಡಿದ ಮಿಲಿಮೀಟರನ್ನು 25.4ರಿಂದ ಭಾಗಿಸಿ, ಮೂಲದ ಹೆಜ್ಜೆಗೆ ಸರಿಮಾಡಿದರೆ ಪುಸ್ತಕದ ಸಂಖ್ಯೆಯೇ ಮತ್ತೆ ಸಿಗಬೇಕು. 230 ಮಿ.ಮೀ. ತಿರುಗಿಸಿದರೆ 9.06 ಇಂಚು, ಅರ್ಧ ಇಂಚಿಗೆ ಸರಿಮಾಡಿದರೆ 9, ಸರಿ. 20ಕ್ಕೆ ರೌಂಡ್ ಮಾಡಿದರೆ ಅದೇ 9 ಇಂಚು 220 ಆಗುತ್ತದೆ, ತಿರುಗಿಸಿದರೆ 8.66, ಅಂದರೆ ಎಂಟೂವರೆ. ಮಾಹಿತಿ ಕಳೆದುಹೋಯಿತು, ಅಷ್ಟು ಒರಟಾಗಿ ಇಳಿಸಬಾರದು ಎಂದು ಅರ್ಥ. ಸೆಂಟಿನ ದಿನಗಳಿಗೂ ಇದೇ ಪರೀಕ್ಷೆ. 5 ಸೆಂಟು ಎಂದರೆ 1.27 ಮಿ.ಮೀ. ಅದನ್ನು 1 ಎಂದು ಬರೆದು ತಿರುಗಿಸಿದರೆ 4 ಸೆಂಟು ಬರುತ್ತದೆ, 1.3 ಎಂದು ಬರೆದರೆ 5 ಸೆಂಟೇ ಬರುತ್ತದೆ.

ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಮಳೆಯನ್ನು ವರ್ಗ ಮಾಡುವಾಗ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಈ ಗಡಿಗಳ ಪಕ್ಕದಲ್ಲಿ ನಮ್ಮ ಗ್ಲಾಸಿನ ಅಳತೆಗಳನ್ನು ಇಟ್ಟು ನೋಡಿ. ಎರಡೂವರೆ ಇಂಚು 63.5, ನಾಲ್ಕೂವರೆ ಇಂಚು 114.3, ಎಂಟು ಇಂಚು 203.2. ಮೂರೂ ಗಡಿಗೆ ಒಂದೆರಡು ಮಿಲಿಮೀಟರ್ ಕೆಳಗೆ ಕೂತಿವೆ! ಬಂದ ಹಾಗೇ ಇಟ್ಟರೆ ಮೂರೂ ಕೆಳಗಿನ ವರ್ಗಕ್ಕೆ ಹೋಗುತ್ತವೆ. 5ಕ್ಕೆ ರೌಂಡ್ ಮಾಡಿದರೆ 65, 115, 205 ಆಗಿ ಮೊದಲನೆಯದೂ ಮೂರನೆಯದೂ ಮೇಲಕ್ಕೆ ಜಿಗಿಯುತ್ತವೆ. ಎರಡೂ ಸರಿಯಲ್ಲ. ಎಂಟು ಇಂಚು ಎಂದು ಬರೆದ ದಿನ ನಿಜವಾಗಿ ಬಿದ್ದದ್ದು 197ರಿಂದ 210ರವರೆಗೆ ಎಷ್ಟಾದರೂ ಆಗಿರಬಹುದು, ಗಡಿ ಅದರ ನಡುವೆ ಹಾದುಹೋಗುತ್ತದೆ. ಆದ್ದರಿಂದ ವರ್ಗ ಹೇಳುವಾಗ ರೌಂಡ್ ಮಾಡಿದ ಸಂಖ್ಯೆಯನ್ನು ನೋಡುವುದನ್ನೇ ಬಿಟ್ಟೆ. ಕೆಳ ಮಿತಿ, ಮೇಲ್ಮಿತಿ ಎರಡನ್ನೂ ಲೆಕ್ಕ ಹಾಕಿ, ಎರಡೂ ಒಂದೇ ವರ್ಗದಲ್ಲಿದ್ದರೆ ವರ್ಗ ಬರೆದೆ, ಇಲ್ಲದಿದ್ದರೆ "ಭಾರಿ ಅಥವಾ ಅತಿ ಭಾರಿ" ಎಂದು ಎರಡನ್ನೂ ಬರೆದೆ.

ತಿಂಗಳ ಮೊತ್ತ ಮಾಡುವಾಗ ಮೊದಲು ಇಂಚಿನಲ್ಲೇ ಕೂಡಿ, ಆಮೇಲೆ ಬದಲಿಸಿ, ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಬೇಕು. ಒಂದು ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. ಸೆಂಟು ನೋಡಿದ 11 ದಿನಕ್ಕೆ 4.21 ಇಂಚು, ಗ್ಲಾಸು ಎಣಿಸಿದ 20 ದಿನಕ್ಕೆ 33.50 ಇಂಚು, ಒಟ್ಟು 37.71. ಗುಣಿಸಿದರೆ 957.834. ಇಪ್ಪತ್ತು ದಿನದ ಅನುಮಾನಗಳೆಲ್ಲ ಒಂದೇ ದಿಕ್ಕಿಗೆ ವಾಲುವುದಿಲ್ಲ, ಕೆಲವು ಹೆಚ್ಚು, ಕೆಲವು ಕಡಿಮೆಯಾಗಿ ಬಹುಪಾಲು ತಮ್ಮತಮ್ಮಲ್ಲೇ ಕಳೆದುಹೋಗುತ್ತವೆ. ಒಂದು ದಿನದ ಸರಾಸರಿ ಏರುಪೇರು ಕಾಲು ಇಂಚನ್ನು 3ರ ವರ್ಗಮೂಲದಿಂದ ಭಾಗಿಸಿದಷ್ಟು, ಸುಮಾರು 0.14 ಇಂಚು. ಅದನ್ನು 20ರ ವರ್ಗಮೂಲದಿಂದ ಗುಣಿಸಿದರೆ 0.65 ಇಂಚಿನಷ್ಟು, ಅಂದರೆ 16 ಮಿ.ಮೀ. ಹತ್ತರ ಸ್ಥಾನವೇ ಅನುಮಾನದಲ್ಲಿರುವಾಗ 957.8 ಎಂದು ಬರೆಯಲು ಬರುವುದಿಲ್ಲ. ಪಟ್ಟಿಯಲ್ಲಿ 960 ಎಂದು ಬರೆದು, ಪಕ್ಕದಲ್ಲಿ "16 ಹೆಚ್ಚು ಕಡಿಮೆ" ಎಂದು ಸೇರಿಸಿದೆ. ರೈಟರ ಮಾತು ಸಿಕ್ಕಿದ್ದರಿಂದಲೇ ಈ 16ನ್ನು ಧೈರ್ಯವಾಗಿ ಬರೆಯಲು ಆಯಿತು.

ರೌಂಡ್ ಮಾಡುವುದಕ್ಕೂ ಮೊದಲಿನ ಒಂದು ತೊಡಕು ಹೇಳಲೇಬೇಕು. ಕೆಲವು ವರ್ಷ ಪುಸ್ತಕ ಮುಗಿದು ಸಾದಾ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅಲ್ಲಿ "1.5" ಎಂದಿದೆ. ಅದು ಒಂದೂವರೆ ಇಂಚೋ, ಒಂದು ಇಂಚು ಐದು ಸೆಂಟೋ? ಒಂದೂವರೆಯಾದರೆ 38 ಮಿ.ಮೀ., ಐದು ಸೆಂಟಾದರೆ 26.7. ಆ ಬರಹದಲ್ಲೇ ಬೇರೆಡೆ "1.05" ಎಂದು ಬರೆದಿದ್ದರೆ ಐದು ಸೆಂಟಿಗೆ ಅವರು ಸೊನ್ನೆ ಹಾಕುತ್ತಿದ್ದರು ಎಂದು ಗೊತ್ತಾಗುತ್ತದೆ, ಆಗ 1.5 ಒಂದೂವರೆಯೇ. "1.50" ಎಂದು ಬೇರೆಡೆ ಇದ್ದರೆ ಇದು ಐದು ಸೆಂಟು ಎಂದು ನಂಬಬಹುದು. ಬಹುತೇಕ ಸಾಲುಗಳು ಹೀಗೆ ಬಿಡಿಸಿಕೊಂಡವು. ಒಂದು ಏಪ್ರಿಲ್ ತಿಂಗಳ ನಾಲ್ಕು ಸಾಲು ಮಾತ್ರ ಎರಡು ಕಡೆಗೂ ಸಿಗಲಿಲ್ಲ. ಆ ನಾಲ್ಕಕ್ಕೂ ಎರಡೆರಡು ಮೌಲ್ಯ ಬರೆದು ಹಳದಿ ಬಣ್ಣ ಹಾಕಿಟ್ಟಿದ್ದೇನೆ, ಆ ತಿಂಗಳ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.